ಅಪ್‌ಡೇಟ್: ಅಡ್ಮಿಷನ್ ಪೋಸ್ಟ್ ಹಾಕಿದೆ

ನಾನು ಕೇಳಿದ್ದು: "ಡೆಲ್ಫ್ಟ್‌ನಲ್ಲಿ ಎಂಎಸ್‌ಸಿ ಸೀಟು ಸಿಕ್ಕಿದೆ. ಜಂಬ ಅನ್ನಿಸದ ಹಾಗೆ ಹೇಗೆ ಬರೆಯಲಿ?"

ನೀವು ಹೇಳಿದ ಹಾಗೆ ರ‍್ಯಾಂಕಿಂಗ್, ಸಿಜಿಪಿಎ, ಉಳಿದ ಆಫರ್‌ಗಳ ಹೆಸರು ಎಲ್ಲ ತೆಗೆದೆ. ‘ನಾನು ಇದಕ್ಕೆ ಅರ್ಹಳಲ್ಲ’ ಅನ್ನುವ ಸಾಲನ್ನೂ ಬಿಟ್ಟೆ. ಸುಳ್ಳು ವಿನಯ ಜಾಸ್ತಿ ಚುಚ್ಚುತ್ತದೆ, ಅಲ್ವಾ? ಹಾಕಿದ್ದು ಇಷ್ಟು:

"ಸೆಪ್ಟೆಂಬರ್‌ನಿಂದ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತೇನೆ. ತುಂಬಾ ಖುಷಿಯಾಗಿದೆ. ಅರ್ಜಿ ಜೊತೆ ಕೊಡುವ ಎಸ್‌ಒಪಿ ಪ್ರಬಂಧವನ್ನು ಸಾಲು ಸಾಲಾಗಿ ತಿದ್ದಿಕೊಟ್ಟ ಮೇಡಂಗೆ, ಟ್ರಾನ್ಸ್‌ಕ್ರಿಪ್ಟ್‌ಗಾಗಿ ನನ್ನ ಜೊತೆ ಅಲೆದ ಅಪ್ಪನಿಗೆ ಥ್ಯಾಂಕ್ಸ್. ಮುಂದಿನ ವರ್ಷ ಅರ್ಜಿ ಹಾಕುವವರು ಕೇಳಿ, ನನ್ನ ಎಸ್‌ಒಪಿ ಕಳಿಸುತ್ತೇನೆ."

ಆಫರ್ ಲೆಟರ್ ಫೋಟೊ ಹಾಕಲಿಲ್ಲ. ಅದರಲ್ಲಿ ಅರ್ಜಿ ನಂಬರ್, ಹುಟ್ಟಿದ ದಿನಾಂಕ ಎಲ್ಲ ಇದೆ. ಡೆಲ್ಫ್ಟ್‌ನಲ್ಲೇ ಸೀಟು ಸಿಗದ ಗೆಳತಿಗೆ ಪೋಸ್ಟ್‌ಗೂ ಮುಂಚೆ ಫೋನ್ ಮಾಡಿದೆ. ಮೊದಲ ಕಾಮೆಂಟ್ ಅವಳದೇ. ಈಗ ಜೂನಿಯರ್‌ಗಳು ಎಸ್‌ಒಪಿ ಕೇಳುತ್ತಿದ್ದಾರೆ.