ಸಿನಿಮಾ ಓಡುತ್ತದೆ, ನೇರಪ್ರಸಾರ ಓಡುವುದಿಲ್ಲ: ಪೈ-ಹೋಲ್ ತಡೆದಿರುವುದು ಯಾವುದನ್ನು?

ಜಲನಗರ ಮೂರನೇ ಕ್ರಾಸ್ – ವಿಜಯಪುರ
ಮನೆಯ ರಾಸ್ಪ್‌ಬೆರಿ ಪೈನಲ್ಲಿ ಜಾಹೀರಾತು ತಡೆಯುವ ಪೈ-ಹೋಲ್ ಹಾಕಿದ್ದೇನೆ. ಸೈಟಿನ ಹೆಸರಿಗೆ ವಿಳಾಸ ಹೇಳುವ ಡಿಎನ್ಎಸ್ ಸರ್ವರ್ ಆಗಿ ರೂಟರ್ ಎಲ್ಲ ಸಾಧನಗಳಿಗೂ ಅದನ್ನೇ ಕೊಡುತ್ತದೆ. ಹೋದ ವಾರ ಯಾರೋ ಹೇಳಿದರೆಂದು ಒಂದು ದೊಡ್ಡ ತಡೆಪಟ್ಟಿ ಸೇರಿಸಿದೆ. ಅಂದಿನಿಂದ ಟಿ.ವಿ.ಯ ಒಂದು ಆ್ಯಪ್‌ನಲ್ಲಿ ಸಿನಿಮಾ ಓಡುತ್ತದೆ, ಕ್ರಿಕೆಟ್ ನೇರಪ್ರಸಾರ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ಕೆಲವೊಮ್ಮೆ ತಾನಾಗಿಯೇ ಸರಿಯಾಗುತ್ತದೆ. ಲಾಗ್ ತೆರೆದರೆ ತಡೆದ ಹೆಸರುಗಳ ನೂರಾರು ಕೆಂಪು ಸಾಲುಗಳು. ಅವುಗಳಲ್ಲಿ ತಪ್ಪಿತಸ್ಥ ಯಾವುದೆಂದು ಹುಡುಕುವುದು ಹೇಗೆ? ಅಪ್ಪ ರಿಮೋಟ್ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಾರೆ.

ಕುಂದಾಪ್ರಿಯ – ಬೆಳಗಾವಿ
ಇಷ್ಟಕ್ಕೆ ಲಾಗ್ ಏಕೆ? ಟಿ.ವಿ.ಯ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ. ತಾನಾಗಿಯೇ ಸರಿಯಾಗುತ್ತದೆ ಎಂದು ನೀವೇ ಹೇಳಿದ್ದೀರಿ, ಅಂದರೆ ಪೈ-ಹೋಲ್ ತಪ್ಪಲ್ಲ. ಜೊತೆಗೆ ರೂಟರಿನಲ್ಲಿ ಎರಡನೇ ಡಿಎನ್ಎಸ್ ಆಗಿ ಗೂಗಲ್‌ನ 8.8.8.8 ಹಾಕಿಡಿ. ಕರೆಂಟ್ ಹೋಗಿ ಪೈ ಮಲಗಿದರೂ ಮನೆಯ ಇಂಟರ್ನೆಟ್ ನಿಲ್ಲುವುದಿಲ್ಲ.

ಘಟಪ್ರಭಾ ತೀರ
ಜಾಹೀರಾತು ತಡೆಯುತ್ತದೆ ಎಂದರೆ ನಂಬಬೇಡಿ. ನಾನೂ ಹಾಕಿದ್ದೇನೆ. ಯೂಟ್ಯೂಬ್ ಜಾಹೀರಾತು ಒಂದೂ ಹೋಗಿಲ್ಲ. ಇದಕ್ಕೆ ಯಾರಾದರೂ ಉತ್ತರ ಹೇಳಿ.

ಇಳಕಲ್ ಸೆರಗು – ಬಾಗಲಕೋಟೆ
ಘಟಪ್ರಭಾದವರೇ, ಅಲ್ಲಿ ವಿಡಿಯೊ ಬರುವ googlevideo.com ಹೆಸರಿನಿಂದಲೇ ಜಾಹೀರಾತೂ ಬರುತ್ತದೆ. ಡಿಎನ್ಎಸ್‌ಗೆ ಕಾಣುವುದು ಹೆಸರು ಮಾತ್ರ. ಅದನ್ನು ತಡೆದರೆ ಎರಡೂ ಹೋಗುತ್ತವೆ.

ಪ್ರಶ್ನೆ ಕೇಳಿದವರಿಗೆ: ಮೊದಲು ತಪ್ಪು ಪೈ-ಹೋಲ್‌ನದೇ ಹೌದೋ ಎಂದು ಖಚಿತಪಡಿಸಿಕೊಳ್ಳಿ. ಐದು ನಿಮಿಷ ತಡೆ ನಿಲ್ಲಿಸಿ, ಆ್ಯಪ್ ಅನ್ನು ಸೆಟ್ಟಿಂಗ್ಸ್‌ಗೆ ಹೋಗಿ ಬಲವಂತವಾಗಿ ಮುಚ್ಚಿ, ಮತ್ತೆ ತೆರೆದು ಪಂದ್ಯ ಒತ್ತಿ.

```
pihole disable 5m
```

ಆಗ ಓಡಿದರೆ ತಡೆಪಟ್ಟಿಯೇ ಕಾರಣ. ಓಡದಿದ್ದರೆ ಕೆಂಪು ಸಾಲುಗಳನ್ನು ಎಣಿಸುತ್ತ ಕೂರುವ ಅಗತ್ಯವೇ ಇಲ್ಲ. ಇನ್ನೊಂದು ವಿಷಯ, ರೂಟರಿನಲ್ಲಿ ಎರಡನೇ ಡಿಎನ್ಎಸ್ ಈಗಾಗಲೇ ಇದ್ದರೆ ಅದನ್ನು ತೆಗೆದ ಮೇಲೆಯೇ ಹುಡುಕಾಟ ಶುರುಮಾಡಿ. “ಕೆಲವೊಮ್ಮೆ ತಾನಾಗಿಯೇ ಸರಿಯಾಗುತ್ತದೆ” ಎಂಬ ಮಾತು ಓದಿದಾಗಲೇ ನನಗೆ ಅದರ ಮೇಲೆ ಅನುಮಾನ ಬಂತು.

ಕುಂದಾಪ್ರಿಯ – ಬೆಳಗಾವಿ
“ಎರಡನೇ ಡಿಎನ್ಎಸ್ ತೆಗೆಯಿರಿ”! ಸಾಹೇಬರೇ, ಮೊದಲನೆಯದು ಉತ್ತರಿಸದಿದ್ದಾಗ ಮಾತ್ರ ಎರಡನೆಯದನ್ನು ಕೇಳುತ್ತಾರೆ. ಅದಕ್ಕೇ ಎರಡನೆಯದು ಎಂಬ ಹೆಸರು. ಲಿನಕ್ಸ್‌ನ resolv.conf ಕೈಪಿಡಿಯಲ್ಲಿ, ಪಟ್ಟಿಯಲ್ಲಿರುವ ಕ್ರಮದಲ್ಲೇ ಸರ್ವರುಗಳನ್ನು ಕೇಳಲಾಗುತ್ತದೆ ಎಂದು ಸ್ಪಷ್ಟವಾಗಿ ಬರೆದಿದೆ. ಓದಿ ನೋಡಿ.

ಇಳಕಲ್ ಸೆರಗು – ಬಾಗಲಕೋಟೆ
ಓದಿದ್ದೇನೆ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ rotate ಎಂಬ ಆಯ್ಕೆಯಿದೆ. ಅದನ್ನು ಹಾಕಿದರೆ ಸರದಿಯಂತೆ ಎಲ್ಲರನ್ನೂ ಕೇಳುತ್ತದೆ. ನಿಮ್ಮ ಕಣ್ಣು ಅಲ್ಲಿಯವರೆಗೆ ಇಳಿಯಲಿಲ್ಲವೇ? ಅಲ್ಲದೆ ಆ ಕೈಪಿಡಿ glibcಯದು, ಇವರ ಟಿ.ವಿ. ಆಂಡ್ರಾಯ್ಡ್ ಆಗಿದ್ದರೆ ಹೆಸರಿನ ವಿಳಾಸ ಕೇಳುವ ಅದರ ರಿಸಾಲ್ವರೇ ಬೇರೆ. ಲಿನಕ್ಸ್‌ನ ಇನ್ನೊಂದು ರಿಸಾಲ್ವರ್ systemd-resolved ಅಂತೂ ಒಂದು ಸರ್ವರ್ ಕೈಕೊಟ್ಟಿತೆಂದು ಇನ್ನೊಂದಕ್ಕೆ ಹೊರಳಿದರೆ, ಆ ಇನ್ನೊಂದು ಕೈಕೊಡುವವರೆಗೆ ಅಲ್ಲೇ ಉಳಿಯುತ್ತದೆ. ಕರೆಂಟ್ ಹೋಗಿ ಬಂದಾಗ ಪೈ ಏಳುವುದರೊಳಗೆ 8.8.8.8 ಹಿಡಿದುಕೊಂಡರೆ, ಆ ದಿನವೆಲ್ಲ ಜಾಹೀರಾತೂ ಬರುತ್ತದೆ, ಪಂದ್ಯವೂ ಬರುತ್ತದೆ. ನೀವು “ಸರಿಯಾಯಿತು” ಎನ್ನುತ್ತೀರಿ. ಮತ್ತೆ, ನಾನು ಸಾಹೇಬನಲ್ಲ.

ಕುಂದಾಪ್ರಿಯ – ಬೆಳಗಾವಿ
ಕ್ಷಮಿಸಿ ಅಕ್ಕಾ. ಆದರೆ “ಕರೆಂಟ್ ಹೋಗಿ ಬಂದಾಗ” ಎಂದು ನೀವೇ ಒಪ್ಪಿಕೊಂಡಿರಿ. ನಮ್ಮ ಭಾಗದಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗುತ್ತದೆ. ಆಗ ಮನೆಯವರೆಲ್ಲ ನನ್ನ ಮೇಲೆ ಬೀಳುತ್ತಾರೆ. ಎರಡನೇ ಡಿಎನ್ಎಸ್ ಬೇಕೇ ಬೇಕು.

ಇಳಕಲ್ ಸೆರಗು – ಬಾಗಲಕೋಟೆ
ಬೇಕಾದರೆ ಎರಡನೆಯದೂ ಪೈ-ಹೋಲ್ ಆಗಿರಲಿ. ಇಲ್ಲವೇ ರೂಟರಿಗೂ ಪೈಗೂ ಒಂದೇ ಸಣ್ಣ ಯುಪಿಎಸ್ ಹಾಕಿ. ಬೇಲಿ ಕಟ್ಟಿ ಪಕ್ಕದಲ್ಲೇ ದಾರಿ ಬಿಟ್ಟರೆ ದನ ಯಾವ ಕಡೆಯಿಂದ ನುಗ್ಗಿತೆಂದು ಹೇಗೆ ಹೇಳುತ್ತೀರಿ?

ಕುಂದಾಪ್ರಿಯ – ಬೆಳಗಾವಿ
“ಎರಡನೆಯದೂ ಪೈ-ಹೋಲ್ ಆಗಿರಲಿ”. ದುಡ್ಡು ಬಾಗಲಕೋಟೆಯಿಂದ ಬರುತ್ತದೆಯೇ?

ನಿವೃತ್ತ ಗಣಿತ – ಮುಧೋಳ
ನಿಮ್ಮಿಬ್ಬರ ಜಗಳದ ನಡುವೆ ನನ್ನದೊಂದು. ನಮ್ಮ ಮನೆಯಲ್ಲೂ ಪೈ-ಹೋಲ್ ಇದೆ, ಮಗ ಹಾಕಿಕೊಟ್ಟು ಪುಣೆಗೆ ಹೋದ. ಮೊಬೈಲಿನಲ್ಲಿ ಅದೇ ಆ್ಯಪ್, ಅದೇ ವೈಫೈ, ಪಂದ್ಯ ಸೊಗಸಾಗಿ ಬರುತ್ತದೆ. ಆದ್ದರಿಂದ ತಪ್ಪು ಟಿ.ವಿ.ಯದು. ಗಣಿತದಲ್ಲಿ ಇದಕ್ಕೆ ಹೊರಗಿಡುವ ವಿಧಾನ ಎನ್ನುತ್ತಾರೆ.

ಇಳಕಲ್ ಸೆರಗು – ಬಾಗಲಕೋಟೆ
ಗುರುಗಳೇ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ “ಪ್ರೈವೇಟ್ ಡಿಎನ್ಎಸ್” ನೋಡಿ. ಅಲ್ಲಿ ಬೇರೆ ಸರ್ವರಿನ ಹೆಸರಿದ್ದರೆ ಮೊಬೈಲ್ ನಿಮ್ಮ ಪೈ-ಹೋಲ್ ಅನ್ನು ಕೇಳುತ್ತಲೇ ಇಲ್ಲ.

ನಿವೃತ್ತ ಗಣಿತ – ಮುಧೋಳ
ಹೆಸರಿದೆ. ಆದರೂ ನನ್ನ ತರ್ಕ ಸರಿಯೇ ಇತ್ತು, ದತ್ತಾಂಶ ತಪ್ಪಿತ್ತು.

ಜಲನಗರ ಮೂರನೇ ಕ್ರಾಸ್ – ವಿಜಯಪುರ
ರೂಟರಿನಲ್ಲಿ ಎರಡನೇ ಡಿಎನ್ಎಸ್ 8.8.8.8 ಇತ್ತು. ತೆಗೆದು ಟಿ.ವಿ.ಯ ವೈಫೈ ಬಿಡಿಸಿ ಮತ್ತೆ ಜೋಡಿಸಿದೆ. ಈಗ ನೇರಪ್ರಸಾರ ಒಮ್ಮೆಯೂ ಬರುವುದಿಲ್ಲ. ತಡೆ ಐದು ನಿಮಿಷ ನಿಲ್ಲಿಸಿದಾಗ ಮಾತ್ರ ಬಂತು.

ಕುಂದಾಪ್ರಿಯ – ಬೆಳಗಾವಿ
ನೋಡಿದಿರಾ! ಅಕ್ಕನವರ ಸಲಹೆಯಿಂದ ಇದ್ದದ್ದೂ ಹೋಯಿತು. ಇನ್ನು ನಾನು ಹೇಳುವುದು ಕೇಳಿ, ಟಿ.ವಿ.ಯ ಐಪಿ ಹಾಕಿ ಲಾಗ್ ಸೋಸಿ ನೋಡಿ, ಎರಡು ನಿಮಿಷದ ಕೆಲಸ.

```
pihole -t 192.168.1.23
```

ಜಲನಗರ ಮೂರನೇ ಕ್ರಾಸ್ – ವಿಜಯಪುರ
ಹಾಕಿದೆ. ಟಿ.ವಿ. ಕೇಳಿದ ಹೆಸರುಗಳು ಸಾಲಾಗಿ ಬರುತ್ತವೆ, ಆದರೆ ತಡೆದಿದ್ದು ಒಂದೂ ಕಾಣುವುದಿಲ್ಲ. ಏನನ್ನೂ ತಡೆದೇ ಇಲ್ಲವೇ?

ಇಳಕಲ್ ಸೆರಗು – ಬಾಗಲಕೋಟೆ
ತಡೆದಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಟಿ.ವಿ.ಯ ಐಪಿ ಇರುವುದು ಪ್ರಶ್ನೆಯ ಸಾಲಿನಲ್ಲಿ. “gravity blocked” ಎಂಬುದು ಅದರ ಕೆಳಗಿನ ಸಾಲು, ಅದರಲ್ಲಿ ಐಪಿ ಇರುವುದಿಲ್ಲ. ಐಪಿ ಹಾಕಿ ಸೋಸಿದರೆ ನೀವು ಹುಡುಕುವ ಸಾಲೇ ಜರಡಿಯಲ್ಲಿ ಉಳಿದುಹೋಗುತ್ತದೆ. ಬರೀ `pihole -t` ಹಾಕಿ. ಇಲ್ಲವೇ ವೆಬ್ ಪುಟದ ಕ್ವೆರಿ ಲಾಗ್‌ನಲ್ಲಿ ಆ ಐಪಿಯನ್ನೇ ಆರಿಸಿಕೊಳ್ಳಿ.

ಹೊತ್ತು ಮುಖ್ಯ. ಟಿ.ವಿ. ಸುಮ್ಮನಿರುವಾಗಲೂ ನಿಮಿಷಕ್ಕೊಮ್ಮೆ ಕೇಳುವ ಹೆಸರುಗಳಿರುತ್ತವೆ, ಬಳಕೆಯ ಲೆಕ್ಕ ಕಳಿಸುವಂಥವು. ಉತ್ತರ ಸಿಗದೆ ಅವು ಮತ್ತೆ ಮತ್ತೆ ಬಾಗಿಲು ಬಡಿಯುತ್ತವೆ, ಅದಕ್ಕೇ ನಿಮಗೆ ನೂರಾರು ಕೆಂಪು ಸಾಲು ಕಾಣುವುದು. ಸಂಖ್ಯೆ ನೋಡಿ ತಪ್ಪಿತಸ್ಥರನ್ನು ಆರಿಸಬೇಡಿ. ಆ್ಯಪ್ ತೆರೆದು ಮೂವತ್ತು ಸೆಕೆಂಡ್ ಸುಮ್ಮನಿರಿ. ಗಡಿಯಾರ ನೋಡಿ, ಪಂದ್ಯ ಒತ್ತಿ. ಒತ್ತಿದ ಕ್ಷಣದಿಂದ ಚಕ್ರ ಕಾಣುವವರೆಗೆ ಹೊಸದಾಗಿ ಬಂದ ಕೆಂಪು ಸಾಲುಗಳನ್ನಷ್ಟೇ ಬರೆದುಕೊಳ್ಳಿ. ಆಮೇಲೆ ಸಿನಿಮಾ ಒತ್ತಿ ಅದನ್ನೇ ಮಾಡಿ. ಎರಡರಲ್ಲೂ ಇರುವುದು ಕಾರಣವಲ್ಲ.

ಘಟಪ್ರಭಾ ತೀರ
“ಬಾಗಿಲು ಬಡಿಯುತ್ತವೆ”. ಅಂದರೆ ನಮ್ಮ ಟಿ.ವಿ. ನಮ್ಮ ಮೇಲೇ ಕಣ್ಣಿಟ್ಟಿದೆ ಎಂದಾಯಿತು. ಇದನ್ನು ಯಾರೂ ಚರ್ಚಿಸುತ್ತಿಲ್ಲ.

ಜಲನಗರ ಮೂರನೇ ಕ್ರಾಸ್ – ವಿಜಯಪುರ
ಪಂದ್ಯ ಒತ್ತಿದಾಗ ಎರಡೇ ಹೆಸರು: app-measurement.com ಮತ್ತು imasdk.googleapis.com. ಸಿನಿಮಾಕ್ಕೂ ಮೊದಲನೆಯದು ಬಂತು, ಎರಡನೆಯದು ಬರಲಿಲ್ಲ. ಎರಡನೆಯದರ ತಡೆ ತೆಗೆದೆ. ಆದರೂ ಓಡಲಿಲ್ಲ! ಚಕ್ರದ ಬದಲು ಈಗ “ಏನೋ ತಪ್ಪಾಗಿದೆ” ಎಂಬ ಸಂದೇಶ ಬರುತ್ತದೆ.

ಕುಂದಾಪ್ರಿಯ – ಬೆಳಗಾವಿ
ಆದ್ದರಿಂದ ಅದಲ್ಲ. ಮತ್ತೆ ತಡೆಯಿರಿ.

ಇಳಕಲ್ ಸೆರಗು – ಬಾಗಲಕೋಟೆ
ತಡೆಯಬೇಡಿ! ಚಕ್ರ ಹೋಗಿ ಸಂದೇಶ ಬಂತೆಂದರೆ ಒಂದು ಮೆಟ್ಟಿಲು ಹತ್ತಿದಿರಿ. imasdk ಎಂಬುದು ಜಾಹೀರಾತು ನಡೆಸುವ ಉಪಕರಣ, ಆ್ಯಪ್ ಅದನ್ನು ಮೊದಲು ತರಿಸಿಕೊಳ್ಳುತ್ತದೆ. ಅದು ಬಂದ ಮೇಲಷ್ಟೇ ಮುಂದಿನ ಹೆಸರನ್ನು ಕೇಳುತ್ತದೆ. ಮೊದಲ ಬಾಗಿಲು ಮುಚ್ಚಿದ್ದಾಗ ಎರಡನೆಯದರ ಸದ್ದೇ ಲಾಗ್‌ನಲ್ಲಿ ಇರುವುದಿಲ್ಲ. ಆ್ಯಪ್ ಮುಚ್ಚಿ, ಹೊತ್ತು ನೋಡಿ, ಮತ್ತೊಮ್ಮೆ ಒತ್ತಿ.

ಜಲನಗರ ಮೂರನೇ ಕ್ರಾಸ್ – ವಿಜಯಪುರ
ನಿಜ. ಮೊದಲು ಇರದ ಸಾಲು ಈಗ ಬಂದಿದೆ.

```
19:42:07: query[A] dai.google.com from 192.168.1.23
19:42:07: gravity blocked dai.google.com is 0.0.0.0
```

`pihole allow dai.google.com` ಹಾಕಿದೆ. ಪಂದ್ಯ ಬಂತು. ಅಪ್ಪ ಒಂದೂ ಮಾತಾಡದೆ ವಾಲ್ಯೂಮ್ ಏರಿಸಿದರು. `pihole -q` ಹಾಕಿ ಕೇಳಿದರೆ ಎರಡೂ ಹೆಸರು ಹೋದ ವಾರ ಸೇರಿಸಿದ ಪಟ್ಟಿಯಲ್ಲೇ ಇವೆ. ಆದರೆ ಓವರ್ ಮುಗಿದಾಗ ಜಾಹೀರಾತುಗಳೂ ಬಂದವು.

ಕುಂದಾಪ್ರಿಯ – ಬೆಳಗಾವಿ
“ಜಾಹೀರಾತುಗಳೂ ಬಂದವು”. ಇದಕ್ಕೆ ಇಷ್ಟು ರಾಮಾಯಣ! ನನ್ನ 8.8.8.8ನಿಂದಲೂ ಇದೇ ಆಗುತ್ತಿತ್ತು, ಐದು ಸೆಕೆಂಡಿನಲ್ಲಿ.

ಇಳಕಲ್ ಸೆರಗು – ಬಾಗಲಕೋಟೆ
ನಿಮ್ಮದರಿಂದ ಇಡೀ ಮನೆಗೆ ಎಲ್ಲವೂ ತೆರೆಯುತ್ತಿತ್ತು, ಅದೂ ಅದಕ್ಕೆ ಮನಸ್ಸು ಬಂದಾಗ. ಇಲ್ಲಿ ತೆರೆದದ್ದು ಎರಡು ಹೆಸರು. ಈ ಪಂದ್ಯದಲ್ಲಿ ಜಾಹೀರಾತನ್ನು ವಿಡಿಯೊದೊಳಗೇ ಹೊಲಿದು ಕಳಿಸುತ್ತಾರೆ. ಯಾವ ತುಣುಕಿನ ನಂತರ ಯಾವುದು ಎಂಬ ಪಟ್ಟಿಯೇ dai.google.comನಿಂದ ಬರುತ್ತದೆ. ಅದನ್ನು ತಡೆದರೆ ಜಾಹೀರಾತಿನ ಜೊತೆ ಪಂದ್ಯವೂ ಹೋಗುತ್ತದೆ. ಸಿನಿಮಾ ಬೇರೆ ದಾರಿಯಲ್ಲಿ ಬಂದದ್ದರಿಂದ ಓಡಿತು. ಡಿಎನ್ಎಸ್ ಮಟ್ಟದಲ್ಲಿ ಇವೆರಡನ್ನು ಬಿಡಿಸಲು ಬರುವುದಿಲ್ಲ.

ಜಲನಗರದವರೇ, ಆ ಎರಡನ್ನು ಟಿ.ವಿ.ಗೆ ಮಾತ್ರ ಬಿಡಬಹುದು. ಹೊಸ ಗುಂಪು ಮಾಡಿ, ಆ ಎರಡು ಹೆಸರನ್ನು ಡಿಫಾಲ್ಟ್ ಗುಂಪಿನಿಂದ ತೆಗೆದು ಹೊಸದಕ್ಕೆ ಹಾಕಿ, ಟಿ.ವಿ.ಯನ್ನೂ ಹೊಸದಕ್ಕೆ ಸೇರಿಸಿ. ಆದರೆ ಟಿ.ವಿ.ಯನ್ನು ಡಿಫಾಲ್ಟ್ ಗುಂಪಿನಿಂದ ತೆಗೆಯಬೇಡಿ. ತಡೆಪಟ್ಟಿಗಳೆಲ್ಲ ಅಲ್ಲೇ ಇರುತ್ತವೆ, ತೆಗೆದರೆ ಟಿ.ವಿ.ಗೆ ಯಾವ ತಡೆಯೂ ಉಳಿಯುವುದಿಲ್ಲ.

ಕುಂದಾಪ್ರಿಯ – ಬೆಳಗಾವಿ
“ಮನಸ್ಸು ಬಂದಾಗ” ಅಂತೆ. ನನ್ನ ಮನೆಯಲ್ಲಿ ಮೂರು ವರ್ಷದಿಂದ ಎರಡನೇ ಡಿಎನ್ಎಸ್ ಇದೆ, ಒಂದು ದಿನವೂ ತೊಂದರೆಯಿಲ್ಲ.

ಇಳಕಲ್ ಸೆರಗು – ಬಾಗಲಕೋಟೆ
ಮೂರು ವರ್ಷದಿಂದ ನಿಮ್ಮ ಪೈ-ಹೋಲ್ ಅರ್ಧ ಕೆಲಸ ಮಾಡುತ್ತಿರಬಹುದು. ಟಿ.ವಿ.ಯಲ್ಲಿ ಅರ್ಧ ಗಂಟೆ ಏನಾದರೂ ನೋಡಿ, ಆ ಅರ್ಧ ಗಂಟೆಗೆ ಅದರ ಐಪಿಯಿಂದ ಎಷ್ಟು ಪ್ರಶ್ನೆ ಬಂದಿವೆ ಎಂದು ಲಾಗ್‌ನಲ್ಲಿ ಎಣಿಸಿ ಇಲ್ಲಿ ಹಾಕಿ.

ಕುಂದಾಪ್ರಿಯ – ಬೆಳಗಾವಿ
ನನಗೆ ಬೇರೆ ಕೆಲಸವಿದೆ.

ನಿವೃತ್ತ ಗಣಿತ – ಮುಧೋಳ
ಪ್ರೈವೇಟ್ ಡಿಎನ್ಎಸ್ ತೆಗೆದೆ. ಈಗ ಮೊಬೈಲಿನಲ್ಲೂ ಪಂದ್ಯ ಬರುವುದಿಲ್ಲ. ಇದು ಪ್ರಗತಿಯೇ?

ಜಲನಗರ ಮೂರನೇ ಕ್ರಾಸ್ – ವಿಜಯಪುರ
ಗುಂಪು ಮಾಡಿದೆ, ನಡೆಯುತ್ತಿದೆ. ಈಗ ಅಮ್ಮನ ಧಾರಾವಾಹಿಯ ಆ್ಯಪ್. ಅದರಲ್ಲಿ ಜಾಹೀರಾತು ಬರುವ ಹೊತ್ತಿಗೆ ಪರದೆ ಕಪ್ಪಾಗಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಟಿ.ವಿ.ಯಿಂದ ಕೆಂಪು ಸಾಲು ಒಂದೂ ಇಲ್ಲ, ಹಸಿರೂ ಇಲ್ಲ.

ಇಳಕಲ್ ಸೆರಗು – ಬಾಗಲಕೋಟೆ
ಹಸಿರೂ ಇಲ್ಲವೆಂದರೆ ಎರಡರಲ್ಲೊಂದು. ಆ್ಯಪ್ ಮೊದಲೇ ಪಡೆದ ಉತ್ತರವನ್ನು ನೆನಪಿನಲ್ಲಿಟ್ಟುಕೊಂಡಿದೆ, ಇಲ್ಲವೇ ಬೇರೆ ಯಾರನ್ನೋ ಕೇಳುತ್ತಿದೆ. ಟಿ.ವಿ. ಮರುಪ್ರಾರಂಭಿಸಿ ಆ್ಯಪ್ ತೆರೆದ ಕ್ಷಣದಿಂದಲೇ ಲಾಗ್ ನೋಡಿ. ಜೊತೆಗೆ, ನಿಮ್ಮ ರೂಟರ್ ಐಪಿವಿ6 ಮೂಲಕ ತನ್ನದೇ ಡಿಎನ್ಎಸ್ ಹಂಚುತ್ತಿದೆಯೇ?

ಕುಂದಾಪ್ರಿಯ – ಬೆಳಗಾವಿ
ಪ್ಲಗ್ ಕಿತ್ತು ಹಾಕಿ ಎಂದು ನಾನು ಹೇಳಿದ್ದು ಎರಡನೇ ಮಾತಿನಲ್ಲೇ.