ಬ್ರೇಕ್-ಈವನ್ ದಾಟಿದ ಮೇಲೂ ಎನ್‌ಪಿವಿ ಮೈನಸ್ ಯಾಕೆ?

ಮಹೇಶ್: ಸುಮಾ ಮೇಡಂ, ಹೊಸ ಘಟಕಕ್ಕೆ 10 ಕೋಟಿ ಬೇಕು. ಬಾಳಿಕೆ 10 ವರ್ಷ, ಕೊನೆಗೆ ಗುಜರಿ ಬೆಲೆ ಸೊನ್ನೆ. ಒಂದು ನಗದ ಬೆಲೆ 500 ರೂಪಾಯಿ, ಕಚ್ಚಾಮಾಲು ಮತ್ತಿತರ ಖರ್ಚು 300. ವರ್ಷಕ್ಕೆ ಸ್ಥಿರ ಖರ್ಚು 1 ಕೋಟಿ, ಸವಕಳಿ 1 ಕೋಟಿ. ಬ್ರೇಕ್-ಈವನ್ 1 ಲಕ್ಷ ನಗ ಬರುತ್ತದೆ, ನಾವು 1,20,000 ಮಾರುತ್ತೇವೆ. ಆದರೂ ನಮ್ಮ ಪಾಲುದಾರರು 12% ದರ, 25% ತೆರಿಗೆ ಹಾಕಿ ಎನ್‌ಪಿವಿ, ಅಂದರೆ ಮುಂದೆ ಬರುವ ನಗದಿನ ಇವತ್ತಿನ ಬೆಲೆಯಲ್ಲಿ ಹೂಡಿಕೆ ಕಳೆದು ಉಳಿಯುವುದು, ಮೈನಸ್ ತೋರಿಸಿದ್ದಾರೆ. ಯಾರ ಲೆಕ್ಕ ತಪ್ಪು?

ಸುಮಾ (ಪ್ರಾಜೆಕ್ಟ್ ಲೆಕ್ಕ ಪರಿಶೀಲನೆ): ಇಬ್ಬರ ಲೆಕ್ಕವೂ ಸರಿ. ಆದರೆ ಘಟಕ ಕಟ್ಟಬೇಕೋ ಬೇಡವೋ ಅನ್ನುವುದಕ್ಕೆ ಪಾಲುದಾರರ ಲೆಕ್ಕವೇ ಉತ್ತರ.

1 ಲಕ್ಷ ನಗ ಮಾರಿದ ವರ್ಷ ಲಾಭ ಸೊನ್ನೆ, ತೆರಿಗೆಯೂ ಸೊನ್ನೆ. ಸವಕಳಿ ಪುಸ್ತಕದಲ್ಲಿ ಬರೆಯುವ ಖರ್ಚು, ಹಣ ಹೊರಗೆ ಹೋಗುವುದಿಲ್ಲ. ಹಾಗಾಗಿ ಕೈಗೆ ಬರುವುದು ಆ 1 ಕೋಟಿ ಮಾತ್ರ. ಹತ್ತು ವರ್ಷಕ್ಕೆ 10 ಕೋಟಿ. ಅಂದರೆ ಹಾಕಿದ ಹಣ ಹಾಗೇ ವಾಪಸ್ ಬಂತು, ಅದಕ್ಕೆ ಹತ್ತು ವರ್ಷದಲ್ಲಿ ಒಂದು ಪೈಸೆ ಪ್ರತಿಫಲವೂ ಇಲ್ಲ. 12% ದರದಲ್ಲಿ ಈ ಹತ್ತು ಕಂತುಗಳ ಇವತ್ತಿನ ಬೆಲೆ 5.65 ಕೋಟಿ. ಅಲ್ಲಿಗೆ ನೀವು 4.35 ಕೋಟಿ ಕಳೆದುಕೊಂಡಿರುತ್ತೀರಿ. ಸವಕಳಿ ಹಣವನ್ನು ಹಿಂದಿರುಗಿಸುತ್ತದೆ, ಕಾದಿದ್ದಕ್ಕೆ ಏನೂ ಕೊಡುವುದಿಲ್ಲ.

ಈಗ ತಿರುಗಿಸಿ ನೋಡಿ. ಎನ್‌ಪಿವಿ ಸೊನ್ನೆ ಆಗಬೇಕಾದರೆ ವರ್ಷಕ್ಕೆ ಎಷ್ಟು ನಗದು ಬೇಕು? 10 ಕೋಟಿಯನ್ನು 5.65ರಿಂದ ಭಾಗಿಸಿ: 1.77 ಕೋಟಿ. ಅದರಲ್ಲಿ 1 ಕೋಟಿ ಸವಕಳಿಯ ರೂಪದಲ್ಲಿ ಬರುತ್ತದೆ. ಉಳಿದ 77 ಲಕ್ಷ ತೆರಿಗೆ ಕಟ್ಟಿದ ಮೇಲಿನ ಲಾಭ ಆಗಿರಬೇಕು. ತೆರಿಗೆಗೆ ಮೊದಲು ಅದು ಸುಮಾರು 1.03 ಕೋಟಿ. ಇದನ್ನು ಸ್ಥಿರ ಖರ್ಚು, ಸವಕಳಿ ಎರಡೂ ಕೂಡಿದ ನಿಮ್ಮ 2 ಕೋಟಿಗೆ ಸೇರಿಸಿ, ನಗಕ್ಕೆ ಉಳಿಯುವ 200ರಿಂದ ಭಾಗಿಸಿ. ಸುಮಾರು 1,51,300 ನಗ.

1,20,000ದಲ್ಲಿ ಎನ್‌ಪಿವಿ ಮೈನಸ್ 2.65 ಕೋಟಿ. ಹೂಡಿಕೆಗೆ ಸಿಗುವುದು 5% ಆಸುಪಾಸು. ಪುಸ್ತಕದಲ್ಲಿ ಮಾತ್ರ ಪ್ರತಿ ವರ್ಷ 30 ಲಕ್ಷ ಲಾಭ ಕಾಣುತ್ತದೆ. ಅದಕ್ಕೇ ಜನ ಮೋಸ ಹೋಗುತ್ತಾರೆ.

ಎರಡು ವಿಷಯ ತಿಳಿಸಿ. ಯಂತ್ರದ ಸಾಮರ್ಥ್ಯ ಎಷ್ಟು? ಮೊದಲ ವರ್ಷವೇ ಪೂರ್ತಿ ಮಾರಾಟ ಅಂತ ಹಿಡಿದಿದ್ದೀರಾ?

ಗಿರೀಶ್: ಇಷ್ಟೆಲ್ಲಾ ಯಾಕೆ ಮೇಡಂ? ಸಾಲದ ಬಡ್ಡಿಯನ್ನು ಸ್ಥಿರ ಖರ್ಚಿಗೆ ಸೇರಿಸಿದರೆ ಮುಗೀತು. 6 ಕೋಟಿ ಸಾಲ, 10% ಬಡ್ಡಿ, 60 ಲಕ್ಷ. ಬ್ರೇಕ್-ಈವನ್ 1,30,000 ಆಗುತ್ತದೆ. ನಾವು ಹೀಗೇ ಮಾಡುವುದು.

ಸುಮಾ: ಅರ್ಧ ಸರಿ. ಸಾಲ ಕೊಟ್ಟವರ ಪ್ರತಿಫಲ ಬಂತು, ಮಾಲೀಕರ 4 ಕೋಟಿಗೆ? ಅದು ಪುಕ್ಕಟೆ ಹಣವಲ್ಲ. ಇನ್ನೊಂದು, 12% ದರದಲ್ಲಿ ಬಡ್ಡಿಯೂ ಸೇರಿದೆ ಅಂತಾದರೆ ಕ್ಯಾಶ್ ಫ್ಲೋನಲ್ಲಿ ಬಡ್ಡಿ ಮತ್ತೆ ಕಳೆಯಬಾರದು. ಒಂದೇ ಖರ್ಚು ಎರಡು ಸಲ ಆಗುತ್ತದೆ.

ರೇಖಾ: ಇದು ಇನ್ನೊಂದು ಗುಂಪಿನಲ್ಲಿ ಬಂತು, ಉಪಯೋಗ ಆಗಬಹುದು: «ಬ್ರೇಕ್-ಈವನ್ ಇಳಿಸುವ ಸುಲಭ ದಾರಿ! ಸವಕಳಿಯನ್ನು 10ರ ಬದಲು 20 ವರ್ಷಕ್ಕೆ ಹಂಚಿ. ಎಲ್ಲರಿಗೂ ಕಳಿಸಿ.»

ಸುಮಾ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ, ಯಾರಿಗೂ ಕಳಿಸಬೇಡಿ. ಸವಕಳಿ 50 ಲಕ್ಷಕ್ಕೆ ಇಳಿದರೆ ಬ್ರೇಕ್-ಈವನ್ 75,000 ಆಗುತ್ತದೆ, ನಿಜ. ಆದರೆ ಅಷ್ಟೇ ಮಾರಿದರೆ ವರ್ಷಕ್ಕೆ ಕೈಗೆ ಬರುವುದು 50 ಲಕ್ಷ. ಹತ್ತು ವರ್ಷಕ್ಕೆ ಯಂತ್ರ ಸವೆದು ಹೋದಾಗ ಬಂದಿರುವುದು 5 ಕೋಟಿ, ಅಸಲೂ ಇಲ್ಲ. ತೆರಿಗೆಗೂ 20 ವರ್ಷ ಅಂತಲೇ ತೋರಿಸಿದರೆ ತೆರಿಗೆ ಉಳಿತಾಯ ತಡವಾಗಿ ಬರುತ್ತದೆ, ಎನ್‌ಪಿವಿಗೆ ಬೇಕಾದ ಮಾರಾಟ ಇನ್ನೂ ಮೇಲೇರುತ್ತದೆ. ಒಂದು ಅಂಕಿ ಇಳಿಯುವಾಗ ಇನ್ನೊಂದು ಏರುತ್ತಿದೆ. ಇದು ಸುಲಭ ದಾರಿ ಅಲ್ಲ, ಹಳ್ಳ.

ರೇಖಾ: ಸುಮ್ನೆ ಹಂಚಿಕೊಂಡೆ ಮೇಡಂ, ಇಷ್ಟು ಗದರುವ ಅಗತ್ಯ ಇರಲಿಲ್ಲ.

ಪ್ರಕಾಶ್: ನಮ್ಮದು ಆರು ವರ್ಷದ ಹಳೇ ಘಟಕ. ಈ ಲೆಕ್ಕ ಹಾಕಿದರೆ ನಾವು ಎನ್‌ಪಿವಿ ಬ್ರೇಕ್-ಈವನ್ ಮುಟ್ಟುತ್ತಿಲ್ಲ. ಮುಚ್ಚಿಬಿಡಬೇಕಾ?

ಸುಮಾ: ಇಲ್ಲ. ನಿಮ್ಮ ಪ್ರಶ್ನೆಯೇ ಬೇರೆ. ಕಟ್ಟಿದ ಹಣ ಹೋಗಿ ಆಯಿತು, ಅದನ್ನು ಲೆಕ್ಕಕ್ಕೆ ತರಬೇಡಿ. ಇವತ್ತು ಮಾರಿದರೆ ಎಷ್ಟು ಬರುತ್ತದೆ, ನಡೆಸಿದರೆ ಮುಂದೆ ಬರುವ ನಗದಿನ ಇವತ್ತಿನ ಬೆಲೆ ಎಷ್ಟು, ಇವೆರಡನ್ನು ಹೋಲಿಸಿ.

ಗಿರೀಶ್: ನೋಡಿ, ಅವರೇ ಒಪ್ಪಿಕೊಂಡರು. ಹಾಗಾದರೆ ಮಹೇಶ್ ಅವರಿಗೂ ಸ್ಥಿರ ಖರ್ಚು ಮಾತ್ರ ಮುಖ್ಯ. 50,000 ನಗ ಮಾರಿದರೆ ಘಟಕ ಓಡುತ್ತದೆ.

ಪ್ರಕಾಶ್: ಗಿರೀಶ್ ಸರ್, ನನ್ನದು ಕಟ್ಟಿ ಆಗಿದೆ. ಅವರ 10 ಕೋಟಿ ಇನ್ನೂ ಜೇಬಿನಲ್ಲಿದೆ. ಎರಡೂ ಒಂದೇನಾ?

ಗಿರೀಶ್: ವ್ಯವಹಾರ ಮಾಡಿದವರಿಗೆ ಗೊತ್ತಿರುತ್ತದೆ. ಎಲ್ಲರೂ ಹೀಗೆ ಅಳೆದು ಸುರಿದು ಕೂತರೆ ಯಾವ ಘಟಕವೂ ಬರಲ್ಲ.

ಪ್ರಕಾಶ್: ನಾನೂ ವ್ಯವಹಾರವನ್ನೇ ಮಾಡುತ್ತಿರುವುದು ಸ್ವಾಮಿ.

ಲಕ್ಷ್ಮಿ: ಬೆಲೆ ವರ್ಷಾ ವರ್ಷಾ ಏರುತ್ತದಲ್ವಾ? ಹತ್ತು ವರ್ಷ 500 ಅಂತಲೇ ಹಿಡಿಯುವುದು ಸರಿಯಾ?

ನವೀನ್: ಮೇಡಂ, 12% ಎಲ್ಲಿಂದ ಬಂತು?

ಸುಮಾ: ಮಹೇಶ್ ಕೊಟ್ಟಿದ್ದು. ಪ್ರಶ್ನೆಯಲ್ಲೇ ಇದೆ.

ಮಹೇಶ್: ಸಾಮರ್ಥ್ಯ 1,80,000 ನಗ. ಮೊದಲ ವರ್ಷ 1 ಲಕ್ಷ ಮಾರಬಹುದು. ದಾಸ್ತಾನು, ಉದ್ರಿ ಎಲ್ಲಾ ಸೇರಿ ಇನ್ನೂ 1 ಕೋಟಿ ಬೇಕಾಗುತ್ತದೆ, ಅದನ್ನು ಬರೆದಿರಲಿಲ್ಲ.

ಸುಮಾ: ನನಗೆ ಭಯ ಇದ್ದದ್ದು ಇದೇ. 1,51,300 ಅನ್ನುವುದು ಮೊದಲ ವರ್ಷದಿಂದ ಹತ್ತನೇ ವರ್ಷದವರೆಗೆ ಒಂದೇ ಸಮ ಮಾರಿದಾಗಿನ ಅಂಕಿ. ಆರಂಭದ ಕೊರತೆ ಬಹಳ ದುಬಾರಿ, ಯಾಕೆಂದರೆ ಹತ್ತಿರದ ವರ್ಷದ ರೂಪಾಯಿಗೆ ಬೆಲೆ ಜಾಸ್ತಿ.

ಮೊದಲ ವರ್ಷ 51,300 ನಗ ಕಡಿಮೆ. ತೆರಿಗೆ ಕಳೆದು ನಗಕ್ಕೆ 150 ರೂಪಾಯಿ, ಸುಮಾರು 77 ಲಕ್ಷ ಕೊರತೆ. ಅದನ್ನು ಉಳಿದ ಒಂಬತ್ತು ವರ್ಷದಲ್ಲಿ ತುಂಬಲು ಪ್ರತಿ ವರ್ಷ ಸುಮಾರು 9,600 ನಗ ಹೆಚ್ಚು ಮಾರಬೇಕು.

ಆಮೇಲೆ ದಾಸ್ತಾನಿನ 1 ಕೋಟಿ. ಕೊನೆಯ ವರ್ಷ ಪೂರ್ತಿ ವಾಪಸ್ ಬರುತ್ತದೆ, ಅದಕ್ಕೇ ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಲಾಭದ ಲೆಕ್ಕದಲ್ಲಂತೂ ಅದು ಕಾಣುವುದೇ ಇಲ್ಲ. ಆದರೆ ಹತ್ತು ವರ್ಷ ಕಟ್ಟಿಹಾಕಿದ ಹಣಕ್ಕೆ ವರ್ಷಕ್ಕೆ 12 ಲಕ್ಷ ದುಡಿಯಬೇಕು. ತೆರಿಗೆ ಸೇರಿ 16 ಲಕ್ಷ, 8,000 ನಗ. ಮೊದಲ ವರ್ಷ ಅದೂ ಆಗದ ಕಾರಣ ಉಳಿದ ಒಂಬತ್ತು ವರ್ಷ ಸುಮಾರು 9,500 ನಗ.

ಎಲ್ಲಾ ಸೇರಿದರೆ ಎರಡನೇ ವರ್ಷದಿಂದ ಸುಮಾರು 1,70,400. ನಿಮ್ಮ ಸಾಮರ್ಥ್ಯ 1,80,000. ಒಂಬತ್ತು ವರ್ಷ ಸತತ ಸುಮಾರು 95% ಓಡಿಸಿದರೆ ಆಗ ಎನ್‌ಪಿವಿ ಸೊನ್ನೆ. ರಿಪೇರಿ, ಆರ್ಡರ್ ಇಲ್ಲದ ತಿಂಗಳು, ಯಾವುದಕ್ಕೂ ಜಾಗ ಇಲ್ಲ. ಈ ಅಂಕಿಗಳಲ್ಲಿ ನಾನಾದರೆ ಕಟ್ಟುವುದಿಲ್ಲ.

ಗಿರೀಶ್: ಹೀಗೆ ಹೆದರಿಸಿದರೆ ಯಾರು ಧೈರ್ಯ ಮಾಡುತ್ತಾರೆ? 1 ಲಕ್ಷದ ಮೇಲೆ 20% ಜಾಸ್ತಿ ಇದ್ದರೆ ಸೇಫ್ ಅನ್ನುವುದು ಎಲ್ಲರಿಗೂ ಗೊತ್ತಿರುವ ನಿಯಮ.

ಸುಮಾ: ಅಂಥ ನಿಯಮ ಇಲ್ಲ. ಅಂತರ ಎಷ್ಟು ಅನ್ನುವುದನ್ನು ಹೂಡಿಕೆ, ದರ, ಬಾಳಿಕೆ, ತೆರಿಗೆ ತೀರ್ಮಾನಿಸುತ್ತವೆ. ಯಂತ್ರ ಅಗ್ಗವಾಗಿದ್ದು ಸ್ಥಿರ ಖರ್ಚು ಜಾಸ್ತಿ ಇರುವ ಕಡೆ ಅಂತರ ಸಣ್ಣದು. ಇಲ್ಲಿ 50% ದಾಟಿದೆ. ಫಾರ್ವರ್ಡ್ ನಿಯಮಕ್ಕೆ ಇನ್ನು ಉತ್ತರ ಕೊಡುವುದಿಲ್ಲ.

ಸತೀಶ್: 12% ಯಾಕೆ, 10% ಹಾಕಬಾರದಾ?

ಸುಮಾ: ಮೇಲೆ ಓದಿ.

ಮಹೇಶ್: ಅರ್ಧ ಸಾಮರ್ಥ್ಯದ ಘಟಕ ಹಾಕಿದರೆ? ಯಂತ್ರ ಮಾರುವವರು 6 ಕೋಟಿ ಹೇಳುತ್ತಿದ್ದಾರೆ.

ಸುಮಾ: ಸಾಮರ್ಥ್ಯ ಅರ್ಧ, ಬೆಲೆ ಅರ್ಧಕ್ಕಿಂತ ಜಾಸ್ತಿ. ಸ್ಥಿರ ಖರ್ಚು ಎಷ್ಟು ಇಳಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. 1 ಕೋಟಿಯೇ ಉಳಿದರೆ 90,000 ನಗದಲ್ಲಿ ಏನೂ ಆಗುವುದಿಲ್ಲ. ಆ ಅಂಕಿ ತನ್ನಿ, ಆಮೇಲೆ ನೋಡೋಣ.

ಗಿರೀಶ್: ಲಕ್ಷ್ಮಿ ಅವರ ಪ್ರಶ್ನೆಗೆ ಮಾತ್ರ ಉತ್ತರ ಇಲ್ಲ, ಗಮನಿಸಿ.

ಪ್ರಕಾಶ್: ನೀವೇ ಕೊಡಿ ಹಾಗಾದರೆ.