‘ತಿಳಿ’ ಪದಕ್ಕೆ ವಿರುದ್ಧಪದ ಯಾವುದು?

ಮಾನ್ಯರೇ,

ಏಳನೆಯ ತರಗತಿಯ ನನ್ನ ಮಗಳ ಅಭ್ಯಾಸಪತ್ರಿಕೆಯಲ್ಲಿ “ಮಳೆ ನಿಂತ ಎರಡು ದಿನಕ್ಕೆ ಕೆರೆಯ ನೀರು ತಿಳಿಯಾಯಿತು” ಎಂಬ ವಾಕ್ಯವನ್ನು ಕೊಟ್ಟು, ‘ತಿಳಿ’ ಪದದ ವಿರುದ್ಧಪದವನ್ನು ಕೇಳಿದ್ದರು. ಅವಳು ‘ಬಗ್ಗಡ’ ಎಂದು ಬರೆದಿದ್ದಳು. ಅದನ್ನು ತಪ್ಪೆಂದು ಹೊಡೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಅಜ್ಞಾನ’ ಎಂದು ತಿದ್ದಿದ್ದರು. ಯಾವುದು ಸರಿ ಎಂದು ಕಳೆದ ವಾರ ಇಲ್ಲಿ ಕೇಳಿದ್ದೆ. ಬಂದ ಉತ್ತರಗಳನ್ನು ಓದಿದ ಮೇಲೆ ನನಗೆ ತೋಚಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಉತ್ತರಿಸಿದವರು, ‘ತಿಳಿ’ ಎಂದರೆ ‘ತೆಳು’ ಎಂದೇ ಅರ್ಥ, ಆದ್ದರಿಂದ ‘ಗಟ್ಟಿ’ ಎಂಬುದೇ ಎಲ್ಲೆಡೆಯೂ ಸಲ್ಲುತ್ತದೆ ಎಂದರು. ಸಾರಿನ ಮಟ್ಟಿಗೆ ಅವರ ಮಾತು ಸರಿ. ಬೇಳೆ ಬೆಂದು ತಳಕ್ಕೆ ಇಳಿದ ಮೇಲೆ ಮೇಲಿನ ಕಟ್ಟನ್ನಷ್ಟೇ ಬಸಿದು ಮಾಡಿದರೆ ತಿಳಿಸಾರು, ಬೇಳೆಯನ್ನೂ ಮಸೆದು ಹಾಕಿದರೆ ಗಟ್ಟಿ ಸಾರು. ಆದರೆ ಕೆರೆಯ ನೀರು ಗಟ್ಟಿಯಾಯಿತು ಎಂದರೆ ಕೇಳಿದವರು ಹಿಮಾಲಯವನ್ನು ನೆನೆದಾರು!

ಹಳಗನ್ನಡ ಬಲ್ಲ ಹಿರಿಯರೊಬ್ಬರು ಮೂಲವನ್ನೇ ಹಿಡಿದರು. ‘ತಿಳಿ’ ಧಾತುವಿಗೆ ‘ಅರಿ’ ಎಂಬ ಅರ್ಥವಿರುವಂತೆ, ಕದಡಿದ್ದು ಕೆಳಗಿಳಿದು ಸ್ವಚ್ಛವಾಗುವುದು ಎಂಬ ಅರ್ಥವೂ ಇದೆ. ತಮಿಳಿನ ‘ತೆಳಿ’ಯಲ್ಲಿಯೂ ಈ ಅರ್ಥವುಂಟು. ತಿದ್ದಿದವರು ಮೊದಲು ನೆನಪಾದ ಅರ್ಥಕ್ಕೆ ವಿರುದ್ಧಪದ ಹುಡುಕಿದರೇ ಹೊರತು ವಾಕ್ಯವನ್ನು ನೋಡಲಿಲ್ಲ. ಹುಡುಕಿದ ಪದವನ್ನು ಅದೇ ವಾಕ್ಯದಲ್ಲಿ ಇಟ್ಟು ಓದಬೇಕು ಎಂದರು. “ನೀರು ಬಗ್ಗಡವಾಯಿತು” ಎಂಬುದು ನಿಲ್ಲುತ್ತದೆ, “ನೀರು ಅಜ್ಞಾನವಾಯಿತು” ಎಂಬುದು ನಿಲ್ಲುವುದಿಲ್ಲ. ತಿಳಿಹಸಿರಿಗೆ ಕಡುಹಸಿರು, ಮೇಲಿನ ತಿಳಿಗೆ ತಳದ ಗಷ್ಟು ಎನ್ನುವುದನ್ನೂ ಹೀಗೆಯೇ ಪರೀಕ್ಷಿಸಬಹುದು.

ಇನ್ನೊಬ್ಬರು ಪ್ರಶ್ನೆಯನ್ನು ಬೇರೆಯಾಗಿ ಗ್ರಹಿಸಿ, ತಮ್ಮನ್ನು ಚಿಕ್ಕಪ್ಪ ‘ತಿಳಿಗೇಡಿ’ ಎಂದು ಬಯ್ಯುತ್ತಿದ್ದುದನ್ನು ವಿವರವಾಗಿ ಬರೆದಿದ್ದಾರೆ. ಕೇಳಿದ್ದು ಅದಲ್ಲವಾದರೂ ಅದರಿಂದ ಒಂದು ಉಪಯೋಗವಾಯಿತು: ಅಲ್ಲಿ ‘ತಿಳಿ’ ಎಂದರೆ ತಿಳಿವಳಿಕೆಯೇ, ಆ ಬೈಗುಳದ ಎದುರಿಗೆ ‘ತಿಳಿವಳಿಕಸ್ಥ’ ನಿಲ್ಲುತ್ತಾನೆ. ಅಂದರೆ ತಿದ್ದಿದವರ ‘ಅಜ್ಞಾನ’ಕ್ಕೂ ಒಂದು ನೆಲೆಯಿದೆ, ಈ ವಾಕ್ಯದಲ್ಲಿ ಮಾತ್ರ ಇಲ್ಲ.

ಧಾರವಾಡದ ಕಡೆಯವರೊಬ್ಬರು ತಮ್ಮಲ್ಲಿ ‘ಬಗ್ಗಡ’ಕ್ಕಿಂತ ‘ರಾಡಿ’ಯೇ ಬಳಕೆಯಲ್ಲಿರುವುದೆಂದೂ, ನುಡಿಗಟ್ಟಿನಲ್ಲಿಯೂ ಅದೇ ಹೊಂದುವುದೆಂದೂ ಬರೆದಿದ್ದಾರೆ. ಜಗಳ ಮುಗಿದು ಮನೆಯ ವಾತಾವರಣ ತಿಳಿಯಾಯಿತು ಎನ್ನುವುದಕ್ಕೆ ಎದುರಾಗಿ, ತಣ್ಣಗಿದ್ದಲ್ಲಿ ಯಾರೋ ರಾಡಿ ಎಬ್ಬಿಸಿದರು ಎನ್ನಬಹುದು. ಇದು ನನಗೂ ಒಪ್ಪಿಗೆ. ಆದರೆ ರಾಡಿ ಎಬ್ಬಿಸುವುದರಲ್ಲಿ ಯಾರೋ ಬೇಕೆಂದೇ ಮಾಡಿದರೆಂಬ ಆರೋಪವಿದೆ. ತಾನಾಗಿ ಕೆಟ್ಟ ವಾತಾವರಣಕ್ಕೆ ‘ಬಿಗಡಾಯಿಸಿತು’ ಎನ್ನುವುದೇ ಮೇಲು.

‘ತಿಳಿಹಾಸ್ಯ’ದ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಹಿರಿಯರು ‘ಕುಹಕ’ ಎನ್ನುತ್ತಾರೆ. ಕುಹಕದಲ್ಲಿ ಕೆಡುಕಿನ ಉದ್ದೇಶವಿರುತ್ತದೆ, ಒರಟು ಹಾಸ್ಯದಲ್ಲಿ ಅದು ಇರಲೇಬೇಕೆಂದಿಲ್ಲವಾದ್ದರಿಂದ ‘ಒರಟು ಹಾಸ್ಯ’ವೇ ಹತ್ತಿರವೆಂದು ನನ್ನ ಅನಿಸಿಕೆ. ಒಂದೇ ಪದದಲ್ಲಿ ಹೇಳಬಲ್ಲವರು ಅದನ್ನು ಒಂದು ವಾಕ್ಯದಲ್ಲಿಟ್ಟು ತಿಳಿಸಬೇಕಾಗಿ ವಿನಂತಿ.